ಐದು ನಿಮಿಷದಲ್ಲಿ ಮೂವತ್ತೊಂದು ವರ್ಷ

ಮೇ ತಿಂಗಳ ಕೊನೆ ಬಂತೆಂದರೆ ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಶಾಲು, ಮೈಸೂರು ಪೇಟ, ಗಂಧದ ಹಾರ ಜೋರಾಗಿ ಖರ್ಚಾಗುತ್ತವೆ. ಮೇ 31ರಂದು ನಿವೃತ್ತರಾಗುವ ಸರ್ಕಾರಿ ನೌಕರರು, ಅದರಲ್ಲೂ ಶಿಕ್ಷಕರು, ಬಹಳ. ಇದಕ್ಕೆ ಕಾರಣ ಹಳೆಯ ದಾಖಲಾತಿ ಪುಸ್ತಕಗಳಲ್ಲಿದೆ. ಹಿಂದೆ ಹಳ್ಳಿಗಳಲ್ಲಿ ಹುಟ್ಟಿದ ದಿನ ಬರೆದಿಡುವವರು ಕಡಿಮೆ. ಶಾಲೆ ಶುರುವಾದಾಗ ಅಪ್ಪ ಮಗುವನ್ನು ಕರೆತಂದರೆ ಹೆಡ್‌ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಅದು ಹಿಂದಿನ ತಿಂಗಳ ಕೊನೆಗೇ ಬರುತ್ತದೆ. ಹೀಗೆ ಎಂದೋ ಒಬ್ಬ ಹೆಡ್‌ಮಾಸ್ತರರು ಬರೆದ ಅಂದಾಜು, ಅರ್ಧ ಶತಮಾನದ ಮೇಲೆ ಬೀಳ್ಕೊಡುಗೆ ಸಮಾರಂಭದ ದಿನವನ್ನು ಗೊತ್ತುಮಾಡುತ್ತದೆ.

ಸಮಾರಂಭದ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಪ್ರಾರ್ಥನೆ, ಸ್ವಾಗತ, ನಿವೃತ್ತರ ಪರಿಚಯ, ಶಾಲು-ಹಾರ-ಫಲತಾಂಬೂಲದ ಸನ್ಮಾನ, ಗಣ್ಯರ ಹಿತನುಡಿ, ನಿವೃತ್ತರ ಮಾತು, ವಂದನಾರ್ಪಣೆ, ಊಟ. ಸ್ವಾಗತ ಕೋರುವವರಿಗೂ ವಂದಿಸುವವರಿಗೂ ಒಂದು ಅಚ್ಚು ಇದೆ, ಹೆಸರು ತುಂಬಿದರೆ ಸಾಕು. ಗಣ್ಯರು ಬಾಯಿಗೆ ಬಂದದ್ದು ಹೇಳಬಹುದು. ಮೊದಲೇ ಬರೆದು ತರಬೇಕಾದದ್ದು ಪರಿಚಯ ಒಂದೇ. ಆ ಕೆಲಸ ಸಾಮಾನ್ಯವಾಗಿ ಸಿಬ್ಬಂದಿಯಲ್ಲಿ ಕಿರಿಯರಿಗೋ, ಕನ್ನಡ ಪಾಠ ಮಾಡುವವರಿಗೋ ಬೀಳುತ್ತದೆ. ‘ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಬರೆದುಬಿಡಿ’ ಎಂದು ಮೂರ್ನಾಲ್ಕು ದಿನ ಮುಂಚೆ ಹೇಳುತ್ತಾರೆ. ಬರೆಯುವವರು ಹಳೆಯ ಒಂದು ಪರಿಚಯ ಹುಡುಕಿ, ಹೆಸರು, ಇಸವಿ ಬದಲಿಸಿ ಓದುತ್ತಾರೆ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಸದಾ ಹಸನ್ಮುಖಿ, ಅಜಾತಶತ್ರು, ಮಕ್ಕಳ ಅಚ್ಚುಮೆಚ್ಚಿನ...’ ಎಂದು ಶುರುವಾದೊಡನೆ ಹಿಂದಿನ ಸಾಲಿನವರು ಊಟದ ಮನೆ ಕಡೆ ನೋಡತೊಡಗುತ್ತಾರೆ.

ಆ ಮಾತುಗಳಲ್ಲಿ ಸುಳ್ಳು ಇರಬೇಕೆಂದಿಲ್ಲ. ಹೋಗುವವರು ನಿಜಕ್ಕೂ ಸಜ್ಜನರೇ ಆಗಿರಬಹುದು. ತೊಂದರೆ ಏನೆಂದರೆ, ಕಳೆದ ವರ್ಷ ನಿವೃತ್ತರಾದವರ ಹೆಸರನ್ನು ಅಲ್ಲಿ ಇಟ್ಟರೂ ವಾಕ್ಯ ಹಾಗೇ ನಿಲ್ಲುತ್ತದೆ. ಪರಿಚಯ ಬರೆಯುವವರು ಜೊತೆಗೆ ಕೆಲಸ ಮಾಡಿದವರು, ಕಣ್ಣಾರೆ ಕಂಡವರು. ಅವರಿಂದ ಸಭೆಗೆ ಬೇಕಾದದ್ದು ಹೊಗಳಿಕೆಗಿಂತ ಹೆಚ್ಚಾಗಿ ಸಾಕ್ಷಿ: ಇವರು ಇಂಥ ಕಡೆ, ಇಂಥ ಕೆಲಸ ಮಾಡಿದರು, ಅದರಿಂದ ಇಷ್ಟಾಯಿತು. ಮುಂದಿನ ಸಾಲಿನಲ್ಲಿ ಕೂತ ಮನೆಯವರನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೂವತ್ತು ವರ್ಷ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದವರು ಅಲ್ಲಿ ಏನು ಮಾಡುತ್ತಿದ್ದರೆಂದು ಗಂಡನಿಗೋ ಹೆಂಡತಿಗೋ ಮಕ್ಕಳಿಗೋ ಪೂರ್ತಿ ಗೊತ್ತಿರುವುದಿಲ್ಲ. ಅದನ್ನು ಅವರು ಬೇರೆಯವರ ಬಾಯಿಂದ ಕೇಳುವುದು ಬಹುಶಃ ಅದೊಂದೇ ಸಲ.

ಎರಡು ಬೇರೆ ಬರವಣಿಗೆಗಳು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಎಷ್ಟೋ ಕಡೆ ಬಿನ್ನವತ್ತಳೆ ಮತ್ತು ಪರಿಚಯ ಎರಡನ್ನೂ ಒಂದೇ ಕಾಗದದಲ್ಲಿ ಮುಗಿಸಲು ನೋಡುತ್ತಾರೆ. ಬಿನ್ನವತ್ತಳೆ ಚೌಕಟ್ಟು ಹಾಕಿಸಿ ಕೈಗೆ ಕೊಡುವಂಥದ್ದು. ಅದು ನಿವೃತ್ತರನ್ನೇ ಉದ್ದೇಶಿಸಿ ‘ಮಾನ್ಯರೇ, ತಾವು...’ ಎಂದು ಮಾತಾಡುತ್ತದೆ. ನಾಳೆ ಗೋಡೆಯ ಮೇಲೆ ಇರುವುದರಿಂದ ಅಲ್ಲಿ ಸ್ವಲ್ಪ ಆಡಂಬರದ ಭಾಷೆ ನಡೆದೀತು. ಹತ್ತು ಹದಿನೈದು ಸಾಲು ಸಾಕು.

ಪರಿಚಯ ಸಭೆಗೆ ಹೇಳುವ ಮಾತು. ನಿವೃತ್ತರು ಪಕ್ಕದಲ್ಲಿ ಕೂತು ಕೇಳುತ್ತಾರೆ, ಆದರೆ ಮಾತು ಎದುರಿನವರಿಗೆ. ಅದನ್ನು ಯಾರೂ ಓದುವುದಿಲ್ಲ, ಎಲ್ಲರೂ ಕೇಳುತ್ತಾರೆ. ಕಾಗದದ ಮೇಲೆ ಗಂಭೀರವಾಗಿ ಕಾಣುವ ವಾಕ್ಯ ಮೈಕಿನಲ್ಲಿ ಉಸಿರು ಕಟ್ಟಿಸುತ್ತದೆ. ಹಾಗಾಗಿ ಇದನ್ನು ಬೇರೆಯಾಗಿಯೇ ಬರೆಯಬೇಕು.

ಸೇವಾ ಪುಸ್ತಕ ಹೇಳುವುದು, ಹೇಳದಿರುವುದು

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಮಲೆನಾಡಿನ ಒಂದು ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕಿ. ದಾಖಲೆಯಲ್ಲಿ ಹುಟ್ಟಿದ್ದು 1965ರ ಜೂನ್ 1. ಟಿಸಿಎಚ್ ಮುಗಿಸಿ 1994ರ ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರಿದವರು 2025ರ ಮೇ 31ರಂದು ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾಗುತ್ತಾರೆ. ನಡುವೆ ಮೂರು ಶಾಲೆ, ಒಂದು ಬಡ್ತಿ. ನಾವು ಇಲ್ಲಿ ಅವರನ್ನು ‘ಮೇಡಂ’ ಎಂದೇ ಕರೆಯೋಣ.

ಇಸವಿಗಳೆಲ್ಲ ಸೇವಾ ಪುಸ್ತಕದಲ್ಲಿವೆ. ಯಾವ ಆದೇಶದ ಮೇಲೆ ನೇಮಕ, ಯಾವ ದಿನ ಪೂರ್ವಾಹ್ನ ಹಾಜರಾದರು, ಯಾವ ದಿನ ಅಪರಾಹ್ನ ಬಿಡುಗಡೆಯಾದರು, ಯಾವ ವರ್ಷ ಬಡ್ತಿ, ಎಲ್ಲ ಸಹಿ-ಮೊಹರು ಸಮೇತ. ಹುಟ್ಟಿದ ದಿನಾಂಕ, ಸೇರಿದ ದಿನಾಂಕ, ಶಾಲೆಗಳ ಕ್ರಮ ಇವಿಷ್ಟನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು. ನೆನಪಿನಿಂದ ಬರೆದರೆ ಒಂದಲ್ಲ ಒಂದು ಇಸವಿ ತಪ್ಪುತ್ತದೆ. ತಪ್ಪಿದ್ದು ಮೊದಲು ಗೊತ್ತಾಗುವುದು ವೇದಿಕೆಯ ಮೇಲೆ ಕೂತವರಿಗೆ.

ಅದೇ ಪುಸ್ತಕದಲ್ಲಿ ಸಂಬಳ, ರಜೆಯ ಲೆಕ್ಕ, ಕೆಲವೊಮ್ಮೆ ನೋಟಿಸು, ತಡೆಹಿಡಿದ ಬಡ್ತಿಯ ವಿಷಯವೂ ಇರುತ್ತದೆ. ಅದು ಸಭೆಗಲ್ಲ. ಸೇವಾ ಪುಸ್ತಕ ಎಲ್ಲರೂ ತಿರುವಿಹಾಕುವ ಪುಸ್ತಕವೂ ಅಲ್ಲ. ಆದ್ದರಿಂದ ಕಚೇರಿಯ ಗುಮಾಸ್ತರಿಂದ ನಾಲ್ಕು ದಿನಾಂಕ ಬರೆಸಿಕೊಂಡು, ಅದನ್ನು ಮೇಡಂಗೆ ತೋರಿಸಿ ‘ಇದು ಸರಿಯೇ?’ ಎಂದು ಕೇಳುವುದು ಒಳ್ಳೆಯ ದಾರಿ. ಆ ನೆಪದಲ್ಲಿ ಮಾತು ಶುರುವಾಗುತ್ತದೆ.

ಆಗ ‘ನಿಮ್ಮ ಸಾಧನೆ ಏನು ಮೇಡಂ?’ ಎಂದು ಕೇಳಿದಿರೋ ಕೆಲಸ ಕೆಟ್ಟಿತು. ‘ಅಯ್ಯೋ, ಸಾಧನೆ ಎಂಥದ್ದು ಮಾರಾಯ್ತಿ, ಎಲ್ಲರ ಹಾಗೆ ಪಾಠ ಮಾಡಿದೆ’ ಎಂಬ ಉತ್ತರ ಬರುತ್ತದೆ. ಕೇಳಬೇಕಾದದ್ದು ಸಣ್ಣ, ಕಣ್ಣಿಗೆ ಕಾಣುವ ಸಂಗತಿಗಳನ್ನು. ಮೊದಲ ದಿನ ಶಾಲೆಗೆ ಹೇಗೆ ಹೋದಿರಿ? ಮಳೆಗಾಲದಲ್ಲಿ ಎಲ್ಲಿ ಉಳಿಯುತ್ತಿದ್ದಿರಿ? ನೀವು ಬಂದಾಗ ಶಾಲೆಯಲ್ಲಿ ಇಲ್ಲದ್ದು, ಹೋಗುವಾಗ ಇರುವುದು ಏನು? ಯಾವ ವರ್ಷ ಎಲ್ಲಕ್ಕಿಂತ ಕಷ್ಟವಾಯಿತು? ಈ ಪ್ರಶ್ನೆಗಳಿಗೆ ‘ಎಂಥದ್ದೂ ಇಲ್ಲ’ ಎಂದು ಉತ್ತರಿಸಲು ಆಗುವುದಿಲ್ಲ.

ಮೇಡಂ ಹೇಳುತ್ತಾರೆ: ಬಸ್ಸು ಮುಖ್ಯರಸ್ತೆಯವರೆಗೆ ಮಾತ್ರ. ಅಲ್ಲಿಂದ ಮೂರು ಕಿಲೋಮೀಟರ್ ನಡಿಗೆ. ನಡುವೆ ಒಂದು ಹಳ್ಳ, ಅದಕ್ಕೆ ಅಡಿಕೆ ದಬ್ಬೆಯ ಸಂಕ. ಆಷಾಢದಲ್ಲಿ ಸಂಕ ಕೊಚ್ಚಿಹೋದರೆ ಆಚೆ ದಡದ ಒಂದು ಮನೆಯಲ್ಲೇ ವಾರಗಟ್ಟಲೆ ಉಳಿಯಬೇಕು. ಶಾಲೆಗೆ ಒಂದೇ ಕೋಣೆ, ಒಂದರಿಂದ ನಾಲ್ಕರವರೆಗೆ ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಇನ್ನೊಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ನಾಲ್ಕೂ ತರಗತಿ ಒಬ್ಬರದೇ.

ಅವರ ಮಾತಿನ ಮೇಲೆ ಇನ್ನಿಬ್ಬರು ಮೂವರನ್ನಾದರೂ ಕೇಳಬೇಕು. ಮೊದಲ ಶಾಲೆಯ ಜೊತೆಗಾರ ಮೇಷ್ಟ್ರು ಈಗ ನಿವೃತ್ತರಾಗಿ ಊರಲ್ಲೇ ಇರುತ್ತಾರೆ, ಫೋನು ಮಾಡಿದರೆ ಸಂತೋಷದಿಂದ ಹೇಳುತ್ತಾರೆ. ಈಗಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರನ್ನು ಮರೆಯಬಾರದು. ಮುಖ್ಯ ಶಿಕ್ಷಕಿ ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಾರೆ, ಉಪ್ಪು-ಖಾರ ನೋಡಿಯೇ ಮಕ್ಕಳಿಗೆ ಬಡಿಸಲು ಹೇಳುತ್ತಾರೋ ಇಲ್ಲವೋ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹಳೆಯ ವಿದ್ಯಾರ್ಥಿ ಒಬ್ಬರು ಸಿಕ್ಕರೆ, ಪಾಠ ಹೇಗಿತ್ತು ಎಂದು ಕೇಳುವ ಬದಲು, ಈಗಲೂ ನೆನಪಿರುವ ಒಂದು ದಿನ ಯಾವುದು ಎಂದು ಕೇಳಬೇಕು.

ಮೂರನ್ನು ಆರಿಸುವುದು

ಇಷ್ಟು ಕೇಳುವ ಹೊತ್ತಿಗೆ ಟಿಪ್ಪಣಿ ಹತ್ತು ಪುಟ ತುಂಬಿರುತ್ತದೆ. ಸಿಗುವ ಸಮಯ ಐದು ನಿಮಿಷ. ಸಭೆಯಲ್ಲಿ ನಿಧಾನವಾಗಿ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ನೂರರ ಆಸುಪಾಸು ಪದ ಹೋಗುತ್ತವೆ. ಅಂದರೆ ಐನೂರು ಪದ. ಅದಕ್ಕೆ ಹಿಡಿಯುವುದು ಮೂರು ಸಂಗತಿ, ಹೆಚ್ಚಲ್ಲ.

ಶಿಕ್ಷಕರೊಬ್ಬರ ವೃತ್ತಿಜೀವನದಲ್ಲಿ ಆರಿಸುವುದು ಕಷ್ಟ, ಏಕೆಂದರೆ ಆ ಮೂವತ್ತು ವರ್ಷಗಳಲ್ಲಿ ಕರ್ನಾಟಕದ ಶಾಲೆಗಳಿಗೆ ಬಂದದ್ದೆಲ್ಲ ಅವರ ಕೈ ಮೇಲೆ ಹಾದುಹೋಗಿದೆ. ಬಿಸಿಯೂಟ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳನ್ನೆಲ್ಲ ಮುಟ್ಟಿತು. ಸೈಕಲ್ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಕಟ್ಟೆ, ಮರದ ನೆರಳು ತರಗತಿಗಳಾದವು.

ಇವನ್ನೆಲ್ಲ ಸಾಲಾಗಿ ಹೇಳಿದರೆ ಅದು ಇಲಾಖೆಯ ಚರಿತ್ರೆಯಾಗುತ್ತದೆ, ಮೇಡಂ ಅದರಲ್ಲಿ ಕಾಣುವುದಿಲ್ಲ. ಆರಿಸಲು ಒಂದು ನೇರ ಪ್ರಶ್ನೆ ಇದೆ: ಈ ಕೆಲಸವನ್ನು ಆದೇಶ ಬಂದದ್ದಕ್ಕೆ ಮಾಡಿದರೋ, ಅಥವಾ ಆದೇಶದಲ್ಲಿ ಇಲ್ಲದ್ದನ್ನೂ ಮಾಡಿದರೋ? ಹಾಲಿನ ಪುಡಿ ಕದಡಿ ಕೊಟ್ಟದ್ದು ಎಲ್ಲ ಶಾಲೆಯಲ್ಲೂ ನಡೆದದ್ದು, ಬಿಡಬಹುದು. ಆದರೆ ಮೇಡಂ ಟಿಪ್ಪಣಿಯಲ್ಲಿ ಮೂರು ಸಂಗತಿ ಹಾಗಲ್ಲ.

ಮೊದಲನೆಯದು ಅಡಿಕೆ ಕೊಯ್ಲಿನ ದಿನಗಳದ್ದು. ಕೊಯ್ಲು ಬಂದರೆ ಅಪ್ಪ-ಅಮ್ಮ ತೋಟಕ್ಕೆ, ಅಡಿಕೆ ಸುಲಿಯುವ ಚಪ್ಪರಕ್ಕೆ ಹೋಗುತ್ತಾರೆ. ಮನೆಯಲ್ಲಿ ಎಳೆಮಗು ನೋಡಿಕೊಳ್ಳಲು ಏಳೆಂಟು ವರ್ಷದ ಅಕ್ಕ ಉಳಿಯುತ್ತಾಳೆ. ಹುಡುಗಿಯರು ಶಾಲೆ ಬಿಡುತ್ತಿದ್ದದ್ದು ಆಗಲೇ. ಮೇಡಂ ಸಂಜೆ ಮನೆಮನೆಗೆ ಹೋಗಿ ‘ತಮ್ಮನನ್ನೂ ಕರೆದುಕೊಂಡು ಬಾ’ ಎಂದರು. ಶಾಲೆಯ ಜಗುಲಿಯ ತೊಲೆಗೆ ತಮ್ಮ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿದರು. ಎರಡನೆಯದು ನಲಿ-ಕಲಿ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಹಂತದ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿ ಹಲವರಿಗೆ ತಲೆನೋವಾಗಿತ್ತು. ನಾಲ್ಕು ತರಗತಿಗಳನ್ನು ಒಟ್ಟಿಗೆ ನಡೆಸಿ ಅಭ್ಯಾಸವಿದ್ದ ಮೇಡಂಗೆ ಅದು ಹೊಸದೆನಿಸಲಿಲ್ಲ. ಸುತ್ತಲಿನ ಶಾಲೆಯವರು ಅವರ ಕೋಣೆಗೆ ಬಂದು ನೋಡಿ ಹೋಗುತ್ತಿದ್ದರು. ಮೂರನೆಯದು 2020ರ ಮಳೆಗಾಲ. ಫೋನಿಲ್ಲದ ಮನೆಗಳ ಪಟ್ಟಿ ಮಾಡಿ, ಅಲ್ಲಿಗೆ ವಾರಕ್ಕೊಮ್ಮೆ ಕೈಬರಹದ ಅಭ್ಯಾಸದ ಹಾಳೆ ಮುಟ್ಟಿಸಿದ್ದು.

ಒರೆಗೆ ಹಚ್ಚುವುದು

ಈಗ ಪರಿಶೀಲನೆ. ನೆನಪು ಸಂಖ್ಯೆಗಳನ್ನು ದೊಡ್ಡದು ಮಾಡುತ್ತದೆ, ಯಾರ ಮನಸ್ಸಿನಲ್ಲೂ ಕಪಟ ಇಲ್ಲದೆಯೇ. ಜೊತೆಗಾರ ಮೇಷ್ಟ್ರು ‘ಹದಿನೈದಿಪ್ಪತ್ತು ಮಕ್ಕಳನ್ನು ಮರಳಿ ಕರೆತಂದರು’ ಎನ್ನುತ್ತಾರೆ. ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ವರ್ಷದ ಹಾಜರಿ ಪುಸ್ತಕ ಸಿಕ್ಕಿತು ಎಂದುಕೊಳ್ಳಿ. ಅದರಲ್ಲಿ ತಿಂಗಳುಗಟ್ಟಲೆ ಗೈರಾಗಿ ಮತ್ತೆ ಹಾಜರಾದ ಹೆಸರುಗಳು 11. ಹಾಗಿದ್ದರೆ ಹನ್ನೊಂದು ಎಂದೇ ಬರೆಯಬೇಕು. ಹನ್ನೊಂದು ಎಂಬ ಮಾತಿಗೆ ಇರುವ ನಂಬಿಕೆ ಹದಿನೈದಿಪ್ಪತ್ತಕ್ಕೆ ಇಲ್ಲ. ಪುಸ್ತಕ ಸಿಗದಿದ್ದರೆ ಸಂಖ್ಯೆ ಬಿಟ್ಟು ‘ಆ ಹುಡುಗಿಯರು ಮತ್ತೆ ಬಂದರು’ ಎಂದರೂ ಸಾಕು.

ಸಂಖ್ಯೆಗಿಂತ ಹೆಚ್ಚು ಅಪಾಯದ್ದು, ಯಾರು ಮಾಡಿದರು ಎಂಬುದು. ‘ಮೇಡಂ ಶಾಲೆಗೆ ಕಾಂಪೌಂಡ್ ಕಟ್ಟಿಸಿದರು’ ಎಂದು ಟಿಪ್ಪಣಿಯಲ್ಲಿದೆ. ವಿಚಾರಿಸಿದರೆ ಕಲ್ಲು ಕೊಟ್ಟವರು ಊರಿನ ಒಬ್ಬ ಹಿರಿಯರು, ಪಂಚಾಯಿತಿಯಿಂದ ದುಡ್ಡು ತಂದವರು ಎಸ್‌ಡಿಎಂಸಿ ಅಧ್ಯಕ್ಷರು, ಅರ್ಜಿ ಬರೆದು ಬೆನ್ನುಹತ್ತಿದವರು ಮೇಡಂ. ಆ ಹಿರಿಯರೂ ಅಧ್ಯಕ್ಷರೂ ಸಭೆಯಲ್ಲಿ ಕೂತಿರುತ್ತಾರೆ. ಒಟ್ಟು ಕೆಲಸವನ್ನು ಒಬ್ಬರ ಹೆಸರಿಗೆ ಬರೆದರೆ ಅವರಿಗೆ ಮುಜುಗರ, ಎಲ್ಲಕ್ಕಿಂತ ಹೆಚ್ಚು ಮೇಡಂಗೇ ಮುಜುಗರ. ‘ಊರವರು ಕಲ್ಲು ಕೊಟ್ಟರು, ಪಂಚಾಯಿತಿ ಹಣ ಕೊಟ್ಟಿತು, ಅರ್ಜಿ ಹಿಡಿದು ತಾಲ್ಲೂಕಿಗೆ ಅಲೆದವರು ಮೇಡಂ’ ಎಂದರೆ ಮೂವರಿಗೂ ಅವರವರ ಪಾಲು ಸಂದಿತು. ಅಲೆದದ್ದು ಕಟ್ಟಿಸಿದ್ದಕ್ಕಿಂತ ಸಣ್ಣದೇನೂ ಅಲ್ಲವೆಂದು ಕೇಳುವವರಿಗೆ ಗೊತ್ತು.

ಇನ್ನು ಮಕ್ಕಳ ವಿಷಯ. ಜೋಲಿಯ ಕಥೆಯ ಹುಡುಗಿಯನ್ನು ಹೆಸರು ಹಿಡಿದು ಹೇಳಬೇಕೆನಿಸುತ್ತದೆ. ಅವರು ಈಗ ದೊಡ್ಡವರು, ಅದೇ ಸಭೆಯಲ್ಲಿ ಇರಬಹುದು. ತನ್ನ ಬಡತನವನ್ನು ಮೈಕಿನಲ್ಲಿ ಕೇಳಲು ಅವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಮೊದಲೇ ಕೇಳಬೇಕು. ಕೇಳಲು ಆಗದಿದ್ದರೆ ಹೆಸರಿಲ್ಲದೆಯೇ ಹೇಳಬೇಕು.

ಕಿವಿಗೆ ಬರೆಯುವುದು

ಸಾಮಗ್ರಿ ಸಿದ್ಧವಾಯಿತು. ಇಲ್ಲೇ ಅನೇಕರು ಎಡವುವುದು. ಕೈ ತಾನಾಗಿಯೇ ಕಚೇರಿಯ ಭಾಷೆಗೆ ಹೋಗುತ್ತದೆ. ಮೊದಲ ಕರಡು ಹೀಗೆ ಬರುತ್ತದೆ:

‘ಶ್ರೀಮತಿಯವರು ದಿನಾಂಕ 17-08-1994ರಂದು ಸಹಶಿಕ್ಷಕಿಯಾಗಿ ಸೇವೆಗೆ ಸೇರ್ಪಡೆಗೊಂಡಿದ್ದು, ಸದರಿ ಶಾಲೆಯಲ್ಲಿ ಒಂಬತ್ತು ವರ್ಷಗಳ ಕಾಲ ಅವಿರತ ಸೇವೆ ಸಲ್ಲಿಸಿದ್ದು, ತದನಂತರ ವರ್ಗಾವಣೆಗೊಂಡು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಾರ್ಯನಿರ್ವಹಿಸಿದ್ದು, ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಶ್ರಮಿಸಿದ್ದು...’

ಹೀಗೆ ‘ಇದ್ದು, ಇದ್ದು’ ಎಂದು ಸರಪಳಿ ಬೆಳೆಯುತ್ತಲೇ ಹೋಗುತ್ತದೆ, ವಾಕ್ಯ ಎಲ್ಲಿ ಮುಗಿಯುತ್ತದೆಂದು ಓದುವವರಿಗೂ ತಿಳಿಯದು. ಕೇಳುವವರಿಗೆ ಮೂರನೇ ‘ಇದ್ದು’ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ದಿನಾಂಕವಂತೂ ಯಾರ ಕಿವಿಯಲ್ಲೂ ನಿಲ್ಲುವುದಿಲ್ಲ. ಐದು ನಿಮಿಷದಲ್ಲಿ ಸಭೆ ನೆನಪಿಟ್ಟುಕೊಳ್ಳಬಲ್ಲ ಇಸವಿ ಹೆಚ್ಚೆಂದರೆ ಎರಡು: ಸೇರಿದ್ದು, ಹೋಗುತ್ತಿರುವುದು. ನಡುವಿನ ಕಾಲವನ್ನು ಎಲ್ಲರಿಗೂ ಗೊತ್ತಿರುವ ಗುರುತುಗಳಿಂದ ಹೇಳಬಹುದು. ‘ಬಿಸಿಯೂಟ ಬರುವ ಮೊದಲು’, ‘ನಲಿ-ಕಲಿ ಬಂದ ವರ್ಷ’, ‘ಕೊರೊನಾ ಮಳೆಗಾಲದಲ್ಲಿ’ ಎಂದರೆ ಸಭೆ ತನ್ನ ನೆನಪನ್ನೂ ಜೊತೆಗೆ ಸೇರಿಸಿಕೊಳ್ಳುತ್ತದೆ.

ಅದೇ ಭಾಗವನ್ನು ಹೇಳುವ ಮಾತಿಗೆ ತಂದರೆ ಹೀಗಾಗುತ್ತದೆ:

‘ಮೇಡಂ ಕೆಲಸಕ್ಕೆ ಸೇರಿದ್ದು 1994ರಲ್ಲಿ. ಆ ಶಾಲೆಗೆ ಬಸ್ಸಿರಲಿಲ್ಲ. ಮುಖ್ಯರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರ್ ನಡೆಯಬೇಕಿತ್ತು. ನಡುವೆ ಹಳ್ಳ, ಹಳ್ಳಕ್ಕೆ ಸಂಕ. ಮಳೆಗಾಲದಲ್ಲಿ ಸಂಕ ಹೋದರೆ ಮೇಡಂ ಮನೆಗೆ ಹೋಗುತ್ತಿರಲಿಲ್ಲ, ಶಾಲೆ ಮಾತ್ರ ನಡೆಯುತ್ತಿತ್ತು. ಆಚೆ ದಡದ ಒಂದು ಮನೆಯವರು ಅವರಿಗೆ ಊಟ ಹಾಕಿದರು, ಮಲಗಲು ಜಾಗ ಕೊಟ್ಟರು. ಆ ಮನೆಯವರು ಇವತ್ತು ಇಲ್ಲಿ ಬಂದಿದ್ದಾರೆ.

ಶಾಲೆಗೆ ಒಂದೇ ಕೋಣೆ. ನಾಲ್ಕು ತರಗತಿ. ಅಡಿಕೆ ಕೊಯ್ಲು ಬಂತೆಂದರೆ ಹುಡುಗಿಯರು ಕಾಣೆ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಿದ್ದರು. ಮೇಡಂ ಯಾರನ್ನೂ ಬೈಯಲಿಲ್ಲ. ಮಗುವನ್ನೂ ಕರೆದುಕೊಂಡು ಬನ್ನಿ ಎಂದರು. ಜಗುಲಿಯಲ್ಲಿ ಜೋಲಿ ಕಟ್ಟಿದರು. ಒಂದು ಕೈಯಲ್ಲಿ ಮಗ್ಗಿ ಹೇಳಿಸುತ್ತ ಇನ್ನೊಂದು ಕೈಯಲ್ಲಿ ಜೋಲಿ ತೂಗುತ್ತಿದ್ದರೆಂದು ಅವರ ಜೊತೆಗಿದ್ದ ಮೇಷ್ಟ್ರು ಹೇಳಿದರು. ಆ ವರ್ಷದ ಹಾಜರಿ ಪುಸ್ತಕ ನಮ್ಮ ಹತ್ತಿರ ಇದೆ. ಹನ್ನೊಂದು ಮಕ್ಕಳು ಶಾಲೆಗೆ ಮರಳಿದ್ದಾರೆ.’

ಇಲ್ಲಿ ‘ಸೇವಾಮನೋಭಾವ’ ಎಂಬ ಪದವಿಲ್ಲ, ‘ಅವಿರತ’ ಇಲ್ಲ. ಕೇಳಿದವರು ಅದನ್ನು ತಾವೇ ಅಂದುಕೊಳ್ಳುತ್ತಾರೆ. ವಾಕ್ಯಗಳು ಸಣ್ಣವು, ಕ್ರಿಯಾಪದ ಬೇಗ ಬರುತ್ತದೆ. ಜೋಲಿಯ ವಿಷಯ ಯಾರು ಹೇಳಿದ್ದೆಂದು ಅಲ್ಲೇ ಇದೆ, ಹನ್ನೊಂದು ಎಂಬುದಕ್ಕೂ ಆಧಾರವಿದೆ. ಉಳಿದ ಎರಡು ಸಂಗತಿಗಳಿಗೂ ಹೀಗೇ ಒಂದೊಂದು ನಿಮಿಷ ಕೊಟ್ಟರೆ ಮೂರು ನಿಮಿಷವಾಯಿತು. ಬಡ್ತಿ, ಉಳಿದ ಶಾಲೆಗಳ ಹೆಸರು, ಮನೆಯವರ ಪರಿಚಯಕ್ಕೆ ಮಿಕ್ಕ ಎರಡು ನಿಮಿಷ.

ಬರೆದದ್ದನ್ನು ಹಿಂದಿನ ರಾತ್ರಿ ಮನೆಯಲ್ಲಿ ಒಬ್ಬರ ಎದುರು ಗಟ್ಟಿಯಾಗಿ ಓದಬೇಕು. ಎಲ್ಲಿ ನಾಲಿಗೆ ತೊಡರಿತೋ ಅಲ್ಲಿ ವಾಕ್ಯ ಒಡೆಯಬೇಕು. ಅಂಕಿಗಳನ್ನು ಅಕ್ಷರದಲ್ಲಿ ಬರೆದುಕೊಂಡರೆ ಮೈಕಿನ ಮುಂದೆ ತಡವರಿಸುವುದು ತಪ್ಪುತ್ತದೆ. ನಗು ಅಥವಾ ಚಪ್ಪಾಳೆ ಬರಬಹುದಾದ ಕಡೆ ಒಂದು ಗೀಟು ಹಾಕಿಟ್ಟುಕೊಂಡು, ಅಲ್ಲಿ ನಿಲ್ಲಬೇಕು. ನಿಲ್ಲದೆ ಓಡಿದರೆ ಮುಂದಿನ ವಾಕ್ಯ ಚಪ್ಪಾಳೆಯಲ್ಲಿ ಮುಳುಗುತ್ತದೆ.

ನಗು ಎಲ್ಲಿಯವರೆಗೆ

ತಮಾಷೆ ಇಲ್ಲದ ಪರಿಚಯ ಸಪ್ಪೆ. ಆದರೆ ಅದಕ್ಕೊಂದು ಗಡಿ ಇದೆ. ಮೇಡಂ ಉಗುರಿನಷ್ಟಾದ ಸೀಮೆಸುಣ್ಣದ ತುಂಡನ್ನೂ ಎಸೆಯದೆ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು, ಹೊಸ ಸೀಮೆಸುಣ್ಣ ಕೇಳಿದವರಿಗೆ ಮೊದಲು ಆ ಡಬ್ಬಿ ತೋರಿಸುತ್ತಿದ್ದರು ಎಂದರೆ ಸಿಬ್ಬಂದಿಯೆಲ್ಲ ನಗುತ್ತಾರೆ, ಮೇಡಂ ಎಲ್ಲರಿಗಿಂತ ಜೋರಾಗಿ. ಅವರು ಸ್ವತಃ ಹೇಳಿಕೊಂಡು ನಗುವ ಅಭ್ಯಾಸ ಅದು. ಮೈಕಟ್ಟು, ಕಾಯಿಲೆ, ಮದುವೆ, ಮಕ್ಕಳಿಲ್ಲದಿರುವುದು, ಜಾತಿ ಇವುಗಳ ಹತ್ತಿರ ಸುಳಿಯಬಾರದು. ಒಬ್ಬ ಹಳೆಯ ಅಧಿಕಾರಿಯೊಡನೆ ಆದ ಜಗಳ ಸ್ಟಾಫ್ ರೂಮಿನಲ್ಲಿ ಎಷ್ಟೇ ರಸವತ್ತಾಗಿದ್ದರೂ ವೇದಿಕೆಗೆ ಬೇಡ. ಅನುಮಾನವಿದ್ದರೆ ಆ ಸಾಲನ್ನು ಮೊದಲೇ ಅವರಿಗೆ ಓದಿ ತೋರಿಸುವುದೇ ಸರಿ. ಇಡೀ ಪರಿಚಯ ಗುಟ್ಟಾಗಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಯಾರಿಗೂ ಅಷ್ಟಾಗಿ ಬೇಕಾಗದವರೊಬ್ಬರು ನಿವೃತ್ತರಾದಾಗ ಏನು ಮಾಡುವುದು? ಅದೂ ಬರುತ್ತದೆ. ಸಿಡುಕಿನವರು, ಸಹೋದ್ಯೋಗಿಗಳೊಡನೆ ಹೊಂದಿಕೊಳ್ಳದವರು. ಅಂಥವರಿಗೆ ‘ಅಜಾತಶತ್ರು’ ಎಂದು ಓದಿದರೆ ಸಭೆಯಲ್ಲಿ ಕಿಸಕ್ಕನೆ ನಗು ಹೊರಡುತ್ತದೆ, ಆ ನಗು ಅವರ ಹೆಂಡತಿ ಮಕ್ಕಳಿಗೂ ಕೇಳಿಸುತ್ತದೆ. ಅಲ್ಲಿ ಸ್ವಭಾವದ ಮಾತೇ ಬೇಡ, ಕೆಲಸ ಹೇಳಿದರೆ ಸಾಕು. ‘ಅವರ ಕಾಲದಲ್ಲಿ ಒಂದು ದಿನವೂ ಮೊದಲ ಗಂಟೆ ತಡವಾಗಿ ಬಾರಿಸಲಿಲ್ಲ. ಇಲಾಖೆಗೆ ಕಳಿಸಿದ ಲೆಕ್ಕಪತ್ರ ಒಂದೂ ವಾಪಸು ಬರಲಿಲ್ಲ’ ಎಂಬುದು ನಿಜವಾಗಿದ್ದರೆ, ಅವರನ್ನು ಇಷ್ಟಪಡದವರೂ ತಲೆಯಾಡಿಸುತ್ತಾರೆ. ಅಂಥವರ ಪರಿಚಯ ಮೂರು ನಿಮಿಷಕ್ಕೆ ಮುಗಿದರೂ ತಪ್ಪಿಲ್ಲ. ಆದರೆ ಒಂದೇ ದಿನ ಇಬ್ಬರು ಮೂವರು ನಿವೃತ್ತರಾಗುತ್ತಿದ್ದರೆ ಎಲ್ಲರಿಗೂ ಒಂದೇ ಅಳತೆ. ಒಬ್ಬರಿಗೆ ಏಳು ನಿಮಿಷ, ಇನ್ನೊಬ್ಬರಿಗೆ ಎರಡು ಆದರೆ ಆ ವ್ಯತ್ಯಾಸ ಊಟದ ಪಂಕ್ತಿಯವರೆಗೂ ಹಿಂಬಾಲಿಸುತ್ತದೆ.

ಕೊನೆಯ ಸಾಲು, ಕೊನೆಯ ಪ್ರತಿ

ಪರಿಚಯವನ್ನು ಮುಗಿಸುವಾಗ ‘ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ’ ಎಂಬ ಹಾರೈಕೆ ಇರಲಿ, ಅದು ನಮ್ಮ ರೂಢಿ, ಹಿರಿಯರು ಅದನ್ನು ಕಾಯುತ್ತಿರುತ್ತಾರೆ. ಅದಕ್ಕೆ ಮೊದಲು ಒಂದು ಸಾಲು ಅವರು ಬಿಟ್ಟುಹೋಗುತ್ತಿರುವುದರ ಬಗ್ಗೆ ಬೇಕು. ಮೇಡಂ ಹೋದಮೇಲೆ ಆ ಶಾಲೆಯಲ್ಲಿ ಯಾವುದು ಮುಂದುವರಿಯುತ್ತದೆ, ಯಾರು ನೋಡಿಕೊಳ್ಳುತ್ತಾರೆ? ‘ಫೋನಿಲ್ಲದ ಮನೆಗಳ ಪಟ್ಟಿಯನ್ನು ಮೇಡಂ ಪ್ರತಿ ವರ್ಷ ಹೊಸದು ಮಾಡುತ್ತಿದ್ದರು. ಈ ವರ್ಷದಿಂದ ಅದನ್ನು ಎರಡನೇ ತರಗತಿಯ ಶಿಕ್ಷಕರು ಮಾಡುತ್ತಾರೆ’ ಎಂದರೆ ಹಾರೈಕೆಗೆ ಒಂದು ಭರವಸೆಯೂ ಸೇರಿತು. ಆ ಶಿಕ್ಷಕರನ್ನು ಮೊದಲೇ ಕೇಳಿಯೇ ಬರೆಯಬೇಕು ಎಂಬುದು ಬೇರೆ ಮಾತು.

ಓದಿ ಮುಗಿದ ಕಾಗದ ಸಾಮಾನ್ಯವಾಗಿ ಮೈಕಿನ ಪಕ್ಕದಲ್ಲೇ ಉಳಿದು, ಸಂಜೆ ಹೂವಿನ ಜೊತೆ ಗುಡಿಸಿಹೋಗುತ್ತದೆ. ಹಾಗಾಗಬಾರದು. ಎರಡು ಪ್ರತಿ ಮಾಡಿಸಬೇಕು. ಒಂದನ್ನು ಸಹಿ ಹಾಕಿ ಮನೆಯವರ ಕೈಗೆ ಕೊಡಬೇಕು. ಇನ್ನೊಂದನ್ನು ವಾರ ಬಿಟ್ಟು ನಿವೃತ್ತರಿಗೇ ತೋರಿಸಿ, ತಪ್ಪಿದ್ದರೆ ಅವರ ಕೈಯಲ್ಲೇ ತಿದ್ದಿಸಿ, ಶಾಲೆಯ ಕಡತಕ್ಕೆ ಸೇರಿಸಬೇಕು. ಸೇವಾ ಪುಸ್ತಕದಲ್ಲಿ ಜೋಲಿಗೆ ಕಾಲಂ ಇಲ್ಲ, ಆಚೆ ದಡದಲ್ಲಿ ಊಟ ಹಾಕಿದ ಮನೆಗೂ ಇಲ್ಲ. ಹತ್ತು ವರ್ಷ ಕಳೆದು ಯಾರಾದರೂ ಆ ಶಾಲೆಯ ಶತಮಾನೋತ್ಸವದ ಸಂಚಿಕೆ ತರಲು ಹೊರಟರೆ ಅವರಿಗೆ ಸಿಗುವುದು ದಿನಾಂಕಗಳು ಮತ್ತು ಈ ಎರಡೂವರೆ ಪುಟ. ಆದ್ದರಿಂದ ಅದರಲ್ಲಿ ‘ಅಜಾತಶತ್ರು’ ಎಂಬ ಪದಕ್ಕಿಂತ ಹನ್ನೊಂದು ಎಂಬ ಸಂಖ್ಯೆ ಇರುವುದು ಮುಖ್ಯ.